ಬಡ್ಡಿ ದರ ಏರಿದಾಗ ಬಾಂಡಿನ ಬೆಲೆ ಇಳಿಯುವುದೇಕೆ?

ಸರ್ಕಾರಿ ಸಾಲಪತ್ರವೆಂದರೆ ನಷ್ಟದ ಭಯವೇ ಇಲ್ಲದ ಹೂಡಿಕೆ ಎಂಬ ಭಾವನೆ ವರ್ತಕ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಬಡ್ಡಿಯಾಗಲಿ ಅಸಲಾಗಲಿ ಬರುವುದೋ ಇಲ್ಲವೋ ಎಂಬ ಮಟ್ಟಿಗೆ ಈ ಭಾವನೆ ಸರಿಯೇ. ಆದರೆ 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ‘ರಿಟೇಲ್ ಡೈರೆಕ್ಟ್’ ಯೋಜನೆ ಆರಂಭವಾಗಿ, ಹತ್ತು ಸಾವಿರ ರೂಪಾಯಿಯಷ್ಟು ಅಲ್ಪ ಮೊತ್ತಕ್ಕೂ ಸಾಮಾನ್ಯರು ನೇರವಾಗಿ ಸರ್ಕಾರಿ ಬಾಂಡು ಕೊಳ್ಳುವಂತಾದ ಮೇಲೆ, ಕೊಂಡವರಲ್ಲಿ ಕೆಲವರು ಕೆಲವೇ ತಿಂಗಳುಗಳಲ್ಲಿ ತಮ್ಮ ಖಾತೆಯನ್ನು ನೋಡಿ ಬೆರಗಾಗುವ ಪ್ರಸಂಗ ಬಂದಿತು. ಬಡ್ಡಿ ದರ ಏರುತ್ತಿದೆ ಎಂಬ ಸುದ್ದಿ ಕೇಳಿ ಸಂತೋಷಪಟ್ಟವರಿಗೆ, ತಮ್ಮ ಬಾಂಡಿನ ಬೆಲೆ ನೂರರಿಂದ ತೊಂಬತ್ತಮೂರಕ್ಕೆ ಇಳಿದದ್ದು ಕಂಡಿತು.

ಇದರ ಗುಟ್ಟು ವರ್ತಕರಿಗೆ ಹೊಸದಲ್ಲ. ಅದು ಬಿಲ್ ಡಿಸ್ಕೌಂಟಿನಲ್ಲಿಯೇ ಅಡಗಿದೆ. ಗುಂಡ್ಲುಪೇಟೆಯ ಅರಿಶಿನ ವರ್ತಕರೊಬ್ಬರು ಹೊರಊರಿನ ಖರೀದಿದಾರರಿಗೆ ಒಂದು ಲಕ್ಷ ರೂಪಾಯಿಯ ಮಾಲನ್ನು 90 ದಿನಗಳ ವಾಯಿದೆಯ ಬಿಲ್ಲಿನ ಮೇಲೆ ಕಳುಹಿಸಿದ್ದಾರೆಂದು ಭಾವಿಸಬಹುದು. ಅಲ್ಲಿಯವರೆಗೆ ಕಾಯಲಾರದೆ ಬಿಲ್ಲನ್ನು ಬ್ಯಾಂಕಿಗೆ ಒಯ್ದರೆ, ಶೇಕಡಾ 9ರ ದರದಲ್ಲಿ 2,219 ರೂಪಾಯಿ ಮುರಿದುಕೊಂಡು ಬ್ಯಾಂಕು 97,781 ರೂಪಾಯಿ ಕೊಡುತ್ತದೆ. ಅದೇ ಬಿಲ್ಲಿಗೆ ದರ ಶೇಕಡಾ 12 ಆದ ದಿನ ಕೈಗೆ ಬರುವುದು 97,041 ರೂಪಾಯಿ ಮಾತ್ರ. ಬಿಲ್ಲಿನ ಮೊತ್ತ ಬದಲಾಗಿಲ್ಲ, ಸಲ್ಲಿಸಬೇಕಾದವರೂ ಬದಲಾಗಿಲ್ಲ. ಮುಂದೆ ಬರುವ ಹಣ ಸ್ಥಿರವಾಗಿರುವುದರಿಂದ ಬದಲಾಗಲು ಉಳಿದಿರುವುದು ಅದರ ಇಂದಿನ ಬೆಲೆಯೊಂದೇ. ದರ ಏರಿದಷ್ಟೂ ಆ ಬೆಲೆ ತಗ್ಗುತ್ತದೆ.

ಬಾಂಡೆಂಬುದು ಇಂತಹ ಹಲವು ಬಿಲ್ಲುಗಳ ಒಂದು ಕಟ್ಟು. ಕೇಂದ್ರ ಸರ್ಕಾರವು 2022ರ ಜನವರಿಯಲ್ಲಿ ಹೊರತಂದ ಹತ್ತು ವರ್ಷದ ಬಾಂಡನ್ನೇ ತೆಗೆದುಕೊಳ್ಳಬಹುದು. ಅದರ ಬಡ್ಡಿ ಶೇಕಡಾ 6.54, ವಾಯಿದೆ 2032ರ ಜನವರಿ 17. ಹತ್ತು ಲಕ್ಷ ರೂಪಾಯಿ ಮುಖಬೆಲೆಯ ಬಾಂಡು ಹೊಂದಿದವರಿಗೆ ಪ್ರತಿ ಜನವರಿ ಮತ್ತು ಜುಲೈ 17ರಂದು 32,700 ರೂಪಾಯಿಯಂತೆ ಇಪ್ಪತ್ತು ಕಂತು ಬಡ್ಡಿ, ಕೊನೆಯ ಕಂತಿನೊಡನೆ ಹತ್ತು ಲಕ್ಷ ಅಸಲು ಸಲ್ಲುತ್ತದೆ. ಪೇಟೆಯಲ್ಲಿ ಏನೇ ಆದರೂ ಈ ಮೊತ್ತಗಳಲ್ಲಿ ಒಂದು ರೂಪಾಯಿಯೂ ಹೆಚ್ಚಾಗದು, ಕಡಿಮೆಯೂ ಆಗದು.

ಈ ಬಾಂಡನ್ನು ಜನವರಿಯಲ್ಲಿ ಇಬ್ಬರು ಕೊಂಡರೆಂದು ಊಹಿಸೋಣ. ಒಬ್ಬರು ಮೇಲಿನ ಅರಿಶಿನ ವರ್ತಕರೇ. ಪಾಲಿಷ್ ಯಂತ್ರವೊಂದಕ್ಕೆಂದು ಕೂಡಿಟ್ಟ ಹತ್ತು ಲಕ್ಷವನ್ನು ಸುಮ್ಮನೆ ಚಾಲ್ತಿ ಖಾತೆಯಲ್ಲಿಡುವ ಬದಲು ಬಾಂಡಿನಲ್ಲಿ ತೊಡಗಿಸಿದವರು. ಇನ್ನೊಬ್ಬರು ಬಂಡೀಪುರದ ದಾರಿಯಲ್ಲಿ ವಸತಿಗೃಹ ನಡೆಸುವವರು. ಮಗಳ ಭವಿಷ್ಯಕ್ಕೆಂದು ಅಷ್ಟೇ ಹಣವನ್ನು ಅದೇ ಬಾಂಡಿನಲ್ಲಿ ಇಟ್ಟವರು.

ಮುಂದಿನ ತಿಂಗಳುಗಳಲ್ಲಿ ಬೆಲೆಯೇರಿಕೆ ತೀವ್ರವಾಯಿತು. ಮೇ 4ರಂದು ರಿಸರ್ವ್ ಬ್ಯಾಂಕು ನಿಗದಿತ ಸಭೆಗೂ ಮುಂಚೆಯೇ ರೆಪೋ ದರವನ್ನು ಶೇಕಡಾ 4ರಿಂದ 4.40ಕ್ಕೆ, ಜೂನ್ 8ರಂದು 4.90ಕ್ಕೆ ಏರಿಸಿತು. ಜೂನ್ ಮಧ್ಯಭಾಗದ ಹೊತ್ತಿಗೆ ಹತ್ತು ವರ್ಷದ ಸರ್ಕಾರಿ ಸಾಲಕ್ಕೆ ಪೇಟೆ ಬಯಸುತ್ತಿದ್ದ ಪ್ರತಿಫಲ ಶೇಕಡಾ 7.6ರ ಆಸುಪಾಸು ತಲುಪಿತ್ತು. ಯಂತ್ರದವರಿಗೆ ಹಣ ಸಲ್ಲಿಸಬೇಕಾದ ಅರಿಶಿನ ವರ್ತಕರು ಬಾಂಡು ಮಾರಲು ಹೊರಟದ್ದು ಆಗಲೇ.

ಕೊಳ್ಳುವವನ ದೃಷ್ಟಿಯಿಂದ ಲೆಕ್ಕ ಹಾಕಿದರೆ ಬೆಲೆ ತಾನಾಗಿಯೇ ಹೊರಬರುತ್ತದೆ. ನೂರು ರೂಪಾಯಿಗೆ ವರ್ಷಕ್ಕೆ 7.60 ಗಳಿಸುವ ಅವಕಾಶವಿರುವಾಗ 6.54 ಮಾತ್ರ ಕೊಡುವ ಕಾಗದಕ್ಕೆ ಯಾರೂ ನೂರು ರೂಪಾಯಿ ತೆರುವುದಿಲ್ಲ. ಕೊರತೆ ನೂರಕ್ಕೆ ವರ್ಷಕ್ಕೆ 1 ರೂಪಾಯಿ 6 ಪೈಸೆ. ಹತ್ತು ಲಕ್ಷಕ್ಕೆ ವರ್ಷಕ್ಕೆ 10,600 ರೂಪಾಯಿ. ಉಳಿದಿರುವ ಸುಮಾರು ಒಂಬತ್ತೂವರೆ ವರ್ಷಕ್ಕೆ ಇದು 1,00,700 ರೂಪಾಯಿ ಆಗುತ್ತದೆ. ಆದರೆ ಈ ಕೊರತೆ ಒಮ್ಮೆಲೇ ಉಂಟಾಗುವುದಲ್ಲ, ಆರಾರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ತಟ್ಟುವುದು. ಆದ್ದರಿಂದ ಪ್ರತಿ ಕಂತಿನ ಕೊರತೆಯನ್ನು ಬಿಲ್ಲಿನಂತೆಯೇ 7.60ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿಸಬೇಕು. ಹಾಗೆ ಕೂಡಿಸಿದಾಗ ಸುಮಾರು 70,800 ರೂಪಾಯಿ ಬರುತ್ತದೆ. ಕೊಳ್ಳುವವನು ಇಷ್ಟನ್ನು ಮುಂಗಡವಾಗಿಯೇ ಮುರಿದುಕೊಂಡು ಹತ್ತು ಲಕ್ಷದ ಬಾಂಡಿಗೆ 9,29,200 ರೂಪಾಯಿ ಕೊಡುತ್ತಾನೆ. ಇಳಿಕೆಯ ಕಾರಣ ಇಷ್ಟೇ: ಮುಂದಿನ ಕಡಿಮೆ ಬಡ್ಡಿಗೆ ಪರಿಹಾರವನ್ನು ಇಂದೇ, ಬೆಲೆಯ ರೂಪದಲ್ಲಿ ಪಡೆಯಲಾಗುತ್ತದೆ. ಹೀಗೆ ಕೊಂಡವನಿಗೆ ಹಳೆಯ ಬಾಂಡಿನಿಂದಲೂ 7.60ರ ಪ್ರತಿಫಲವೇ ಸಿಗುವುದರಿಂದ, ಹಳತು ಹೊಸತು ಎರಡೂ ಅವನಿಗೆ ಸಮಾನವಾಗುತ್ತವೆ. ಬಾಂಡು ಪೇಟೆಯವರು ‘ಇಳುವರಿ’ ಎನ್ನುವುದು ಈ ಪ್ರತಿಫಲವನ್ನೇ. ಬಾಂಡಿನ ಮೇಲೆ ನಮೂದಾಗಿರುವ ಬಡ್ಡಿ ಬೇರೆ, ಇಳುವರಿ ಬೇರೆ.

ಅರಿಶಿನ ವರ್ತಕರ ನಷ್ಟ 70,800 ರೂಪಾಯಿಯೇ ಎಂದರೆ ಲೆಕ್ಕ ಪೂರ್ಣವಾಗದು. ಜನವರಿ 17ರಿಂದ ಮಾರಾಟದ ದಿನದವರೆಗೆ ಕೂಡಿದ ಬಡ್ಡಿ, ಸುಮಾರು 27,000 ರೂಪಾಯಿ, ಅವರಿಗೇ ಸೇರಬೇಕು. ಕೊಳ್ಳುವವನು ಅದನ್ನು ಬೆಲೆಯ ಮೇಲೆ ಪ್ರತ್ಯೇಕವಾಗಿ ಕೊಡುತ್ತಾನೆ. ಎರಡೂ ಸೇರಿ ಕೈಗೆ ಬರುವುದು ಸುಮಾರು 9,56,000 ರೂಪಾಯಿ. ಐದು ತಿಂಗಳು ಹಣವಿಟ್ಟದ್ದಕ್ಕೆ ಬಡ್ಡಿ ದೊರೆಯುವ ಬದಲು 44,000 ರೂಪಾಯಿ ಕೈಬಿಟ್ಟಿತು. ಇದೂ ಕಾಗದದ ಮೇಲಿನ ಲೆಕ್ಕ. ಸಣ್ಣ ಮೊತ್ತದ ಬಾಂಡಿಗೆ ಕೊಳ್ಳುವವರು ವಿರಳವಾದ್ದರಿಂದ, ಅವಸರದಲ್ಲಿ ಮಾರುವವರಿಗೆ ಇದಕ್ಕಿಂತ ಕೆಲವು ಪೈಸೆ ಕಡಿಮೆಯೇ ದೊರೆಯುವುದುಂಟು.

ಅವರ ತಪ್ಪು ಸರ್ಕಾರಿ ಬಾಂಡು ಕೊಂಡದ್ದಲ್ಲ, ಐದು ತಿಂಗಳಲ್ಲಿ ಬೇಕಾಗುವ ಹಣಕ್ಕೆ ಹತ್ತು ವರ್ಷದ ಬಾಂಡು ಕೊಂಡದ್ದು. ಅದೇ 6.54ರ ಬಡ್ಡಿಯ ಬಾಂಡಿಗೆ ಎರಡೇ ವರ್ಷ ವಾಯಿದೆ ಉಳಿದಿದ್ದು, ಅದರ ದರವೂ ಹೀಗೆಯೇ 7.60ಕ್ಕೆ ಏರಿದ್ದರೆ ಕೊರತೆ ಅನುಭವಿಸಬೇಕಾದುದು ನಾಲ್ಕೇ ಕಂತುಗಳಲ್ಲಿ. ಹತ್ತು ಲಕ್ಷಕ್ಕೆ ಬೆಲೆಯ ಇಳಿಕೆ ಸುಮಾರು 19,300 ರೂಪಾಯಿಗೆ ನಿಲ್ಲುತ್ತಿತ್ತು. ಮೂವತ್ತು ವರ್ಷದ ಬಾಂಡಾಗಿದ್ದರೆ ಅದು 1,24,600 ರೂಪಾಯಿಯಷ್ಟಾಗುತ್ತಿತ್ತು. ವಾಯಿದೆ ದೂರವಾದಷ್ಟೂ ಪೆಟ್ಟು ದೊಡ್ಡದು. ಆದರೆ ವರ್ಷ ಮೂರು ಪಟ್ಟಾದಾಗ ಪೆಟ್ಟು ಮೂರು ಪಟ್ಟಾಗುವುದಿಲ್ಲ, ಏಕೆಂದರೆ ಬಹುದೂರದ ಕಂತುಗಳ ಇಂದಿನ ಬೆಲೆ ಹೇಗೂ ಅಲ್ಪ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ರಿಸರ್ವ್ ಬ್ಯಾಂಕು ದರ ಏರಿಸಿದ ದಿನವೇ ಬಾಂಡಿನ ಬೆಲೆ ಇಳಿಯುತ್ತದೆ, ಆವರೆಗೆ ಕಾದು ನೋಡಬಹುದು ಎಂದು ಅನೇಕರು ತಿಳಿದಿದ್ದಾರೆ. 2022ರ ಅನುಭವ ಬೇರೆಯೇ. ಹತ್ತು ವರ್ಷದ ಇಳುವರಿ ಮೇ 4ರ ಘೋಷಣೆಗೆ ಮುಂಚೆಯೇ, ಏಪ್ರಿಲ್‌ನಲ್ಲಿ, ಶೇಕಡಾ 7ನ್ನು ದಾಟಿತ್ತು. ಜೂನ್ ನಂತರ ರೆಪೋ ದರ ಹಂತಹಂತವಾಗಿ ಏರಿ 2023ರ ಫೆಬ್ರವರಿಯಲ್ಲಿ 6.50 ತಲುಪಿತು, ಹತ್ತು ವರ್ಷದ ಇಳುವರಿಯಾದರೋ ಜೂನ್‌ನ ಮಟ್ಟಕ್ಕಿಂತ ತುಸು ಕೆಳಗೇ ಇತ್ತು. 2022ರ ಆಗಸ್ಟ್‌ನಲ್ಲಿ ಸರ್ಕಾರ ಹೊರತಂದ ಹೊಸ ಹತ್ತು ವರ್ಷದ ಬಾಂಡಿನ ಬಡ್ಡಿ 7.26. ರೆಪೋ ಎಂಬುದು ಬ್ಯಾಂಕುಗಳಿಗೆ ಅಲ್ಪಾವಧಿಗೆ ಕೊಡುವ ಸಾಲದ ದರ. ಹತ್ತು ವರ್ಷದ ಬಾಂಡಿನ ಬೆಲೆಯನ್ನು ನಿರ್ಧರಿಸುವುದು ಮುಂದಿನ ಹತ್ತು ವರ್ಷಗಳ ಬಡ್ಡಿಯ ಬಗ್ಗೆ ಪೇಟೆಯ ಅಂದಾಜು. ಮುಂಗಾರು ಕೈಕೊಡುವ ಸೂಚನೆ ಸಿಕ್ಕೊಡನೆ, ಬೆಳೆ ಕಟಾವಿಗೆ ಬರುವವರೆಗೆ ಕಾಯದೆ ಮಂಡಿಯಲ್ಲಿ ಧಾರಣೆ ಏರುವುದಿಲ್ಲವೇ, ಹಾಗೆ. ಸುದ್ದಿ ಓದಿ ಮಾರಲು ಹೊರಡುವವನು ಸಾಮಾನ್ಯವಾಗಿ ತಡವಾಗಿ ಹೊರಟವನು.

ನೇರವಾಗಿ ಬಾಂಡು ಕೊಳ್ಳದವರಿಗೂ ಇದು ತಟ್ಟುತ್ತದೆ. ಸರ್ಕಾರಿ ಸಾಲಪತ್ರಗಳಲ್ಲಿ ಹಣ ತೊಡಗಿಸುವ ಮ್ಯೂಚುವಲ್ ಫಂಡುಗಳು ತಮ್ಮ ಬಾಂಡುಗಳನ್ನು ಪ್ರತಿದಿನ ಪೇಟೆ ಬೆಲೆಗೆ ಲೆಕ್ಕ ಹಾಕುವುದರಿಂದ, ದರ ಏರಿದಾಗ ಯೂನಿಟ್ಟಿನ ಬೆಲೆ ಕೂಡಲೇ ಇಳಿಯುತ್ತದೆ. ಅಂತಹ ಫಂಡಿಗೆ 2032ರಂತಹ ಒಂದು ಕೊನೆಯ ದಿನವೂ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಂಕುಗಳೂ ಹೊರತಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಬಡ್ಡಿ ಕಡಿಮೆಯಿದ್ದ ಕಾಲದಲ್ಲಿ ಠೇವಣಿದಾರರ ಹಣವನ್ನು ದೀರ್ಘಾವಧಿಯ ಸಾಲಪತ್ರಗಳಲ್ಲಿ ತೊಡಗಿಸಿತ್ತು. ಅವುಗಳಲ್ಲಿ ಸರ್ಕಾರದ ಬೆಂಬಲವಿದ್ದ ಪತ್ರಗಳೇ ಹೆಚ್ಚು. ದರ ಏರಿ ಅವುಗಳ ಬೆಲೆ ಕುಸಿದಿರುವಾಗಲೇ ಠೇವಣಿದಾರರು ಹಣ ಹಿಂತೆಗೆಯತೊಡಗಿದರು. ಬ್ಯಾಂಕು ನಷ್ಟಕ್ಕೆ ಮಾರಬೇಕಾಯಿತು. ನಷ್ಟದ ಸುದ್ದಿ ಹರಡಿ ಮತ್ತಷ್ಟು ಜನ ಧಾವಿಸಿದರು. 2023ರ ಮಾರ್ಚ್ 10ರಂದು ಅದಕ್ಕೆ ಬೀಗ ಬಿತ್ತು. ಆ ಪತ್ರಗಳ ಸಾಲ ಮುಳುಗಿರಲಿಲ್ಲ. ಅರಿಶಿನ ವರ್ತಕರಂತೆಯೇ ಆ ಬ್ಯಾಂಕಿಗೂ ಹಣ ಬೇಕಾದ ದಿನ ಬೇರೆ, ಪತ್ರದ ವಾಯಿದೆ ಬೇರೆ ಆಗಿತ್ತು.

ಇನ್ನು ವಸತಿಗೃಹದ ಮಾಲೀಕರ ಸಂಗತಿ. 2022ರ ಜೂನ್‌ನಲ್ಲಿ ಅವರ ಬಾಂಡಿನ ಬೆಲೆಯೂ 9,29,200 ರೂಪಾಯಿಯೇ. ಆದರೆ ಅವರು ಮಾರಲಿಲ್ಲ. ಜುಲೈನಲ್ಲಿ 32,700 ರೂಪಾಯಿ ಖಾತೆಗೆ ಬಂದಿತು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು 6.50ರಿಂದ 5.50ಕ್ಕೆ ಇಳಿಸಿದಾಗ, ಇದೇ ಲೆಕ್ಕ ತಿರುಗಿ ಅವರ ಬಾಂಡು ನೂರು ರೂಪಾಯಿಗಿಂತ ತುಸು ಮೇಲಕ್ಕೇರಿತು. ದರ ಇಳಿಯದಿದ್ದರೂ, ವಾಯಿದೆ ಸಮೀಪಿಸಿದಂತೆ ಉಳಿದ ಕಂತುಗಳು ಕಡಿಮೆಯಾಗಿ ಕೊರತೆಯೂ ಕರಗಿ, ಬೆಲೆ ನಿಧಾನವಾಗಿ ನೂರರತ್ತ ಹಿಂದಿರುಗುತ್ತದೆ. ಹಾಗೆಂದು ಅವರಿಗೆ ನಷ್ಟವೇ ಇಲ್ಲವೆನ್ನಲಾಗದು. ಏಳು ತಿಂಗಳು ಕಾದು ಆಗಸ್ಟ್‌ನ ಬಾಂಡು ಕೊಂಡಿದ್ದರೆ ಹತ್ತು ಲಕ್ಷಕ್ಕೆ ವರ್ಷಕ್ಕೆ 7,200 ರೂಪಾಯಿ ಹೆಚ್ಚು ಬರುತ್ತಿತ್ತು. ಅದು ಕೈತಪ್ಪಿದ ಲಾಭ. ಅರಿಶಿನ ವರ್ತಕರದು ಕೈಯಿಂದ ಹೋದ ಹಣ.

ಲೆಕ್ಕಪುಸ್ತಕದಲ್ಲಿಯೂ ಇಬ್ಬರ ಬಾಂಡುಗಳು ಒಂದೇ ರೀತಿ ಕಾಣಿಸುವುದಿಲ್ಲ. ಲೆಕ್ಕಪತ್ರ ಮಾನದಂಡ 13ರ ಪ್ರಕಾರ ದೀರ್ಘಾವಧಿಯ ಹೂಡಿಕೆಯನ್ನು ಕೊಂಡ ಬೆಲೆಯಲ್ಲಿಯೇ ತೋರಿಸಬೇಕು. ತಾತ್ಕಾಲಿಕ ಇಳಿಕೆಗೆ ನಷ್ಟ ಬರೆಯಬೇಕಿಲ್ಲ. ವರ್ಷದೊಳಗೆ ಮಾರುವ ಉದ್ದೇಶದ ಹೂಡಿಕೆಯನ್ನು ಕೊಂಡ ಬೆಲೆ ಮತ್ತು ಪೇಟೆ ಬೆಲೆ ಇವೆರಡರಲ್ಲಿ ಕಡಿಮೆಯಿರುವುದಕ್ಕೆ ಇಳಿಸಬೇಕು. 2022ರ ಮಾರ್ಚ್ 31ರಂದು ಹತ್ತು ವರ್ಷದ ಇಳುವರಿ 6.84ರ ಸುಮಾರಿಗಿದ್ದು, ಈ ಬಾಂಡಿನ ಬೆಲೆ ನೂರಕ್ಕೆ 98 ರೂಪಾಯಿಯಷ್ಟಿತ್ತು. ವಸತಿಗೃಹದ ಆಸ್ತಿ-ಹೊಣೆ ತಃಖ್ತೆಯಲ್ಲಿ ಅಂದು ಹತ್ತು ಲಕ್ಷವೇ ಉಳಿಯುತ್ತದೆ. ಅರಿಶಿನ ವರ್ತಕರ ಲಾಭ-ನಷ್ಟದ ಖಾತೆಗೆ ಸುಮಾರು 20,000 ರೂಪಾಯಿ ಖರ್ಚು ಬೀಳುತ್ತದೆ. ಮಾರಲು ಇನ್ನೂ ಎರಡೂವರೆ ತಿಂಗಳಿರುವಾಗಲೇ ಆ ಖಾತೆ ಅವರಿಗೆ ದರದ ಏರಿಕೆಯ ಸುಳಿವು ಕೊಟ್ಟಿರುತ್ತಿತ್ತು.