ಕಿರಿಯ ಮೊಬೈಲ್ ಡೆವಲಪರ್ ಹುದ್ದೆಯ ಪ್ರಕಟಣೆ: ಬರೆಯುವ ಮುನ್ನ ಲೆಕ್ಕ ಹಾಕಬೇಕಾದುದು

ಸಗಟು ವ್ಯಾಪಾರಿಗಳು ತಮ್ಮ ಚಿಲ್ಲರೆ ಗಿರಾಕಿಗಳಿಂದ ಮೊಬೈಲ್ ಮೂಲಕವೇ ಆರ್ಡರ್ ಪಡೆಯುವ ವ್ಯವಸ್ಥೆ ಇಂದು ಸಾಮಾನ್ಯವಾಗಿದೆ. ಇಂತಹ ಆ್ಯಪ್‌ಗಳನ್ನು ಸಿದ್ಧಪಡಿಸುವ ಸ್ಟಾರ್ಟ್‌ಅಪ್ ಸಂಸ್ಥೆಗಳು ಬೆಂಗಳೂರಿನಲ್ಲಿ ಮಾತ್ರವಲ್ಲದೆ ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲಿಯೂ ನೆಲೆಯೂರಿವೆ. ಇವುಗಳ ಪೈಕಿ ಅನೇಕವನ್ನು ವ್ಯಾಪಾರಿ ಕುಟುಂಬಗಳ ಎರಡನೆಯ ತಲೆಮಾರಿನವರೇ ಆರಂಭಿಸಿದ್ದಾರೆ. ಯಂತ್ರ ಖರೀದಿಸುವಾಗ ಹತ್ತು ಬಾರಿ ಲೆಕ್ಕ ಹಾಕುವ ಇಂತಹ ಕುಟುಂಬಗಳು, ನೌಕರಿಯ ಪ್ರಕಟಣೆಯನ್ನು ಮಾತ್ರ ಯಾವುದೋ ದೊಡ್ಡ ಕಂಪನಿಯ ಪ್ರಕಟಣೆಯಿಂದ ನಕಲು ಮಾಡುವುದು ವಿಚಿತ್ರವಾದರೂ ನಿಜ.

ಉದಾಹರಣೆಗಾಗಿ, ಒಂಬತ್ತು ಜನರಿರುವ ಹುಬ್ಬಳ್ಳಿಯ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಕಿರಿಯ ಡೆವಲಪರ್ ಒಬ್ಬನಿಗಾಗಿ ಅದು ‘ವಾರ್ಷಿಕ ಸಿ.ಟಿ.ಸಿ. 6 ಲಕ್ಷ ರೂಪಾಯಿ, ಅಪಾರ ಬೆಳವಣಿಗೆಯ ಅವಕಾಶ’ ಎಂದು ಪ್ರಕಟಿಸುತ್ತದೆ. ಸಿ.ಟಿ.ಸಿ. ಎಂದರೆ ನೌಕರನಿಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚ; ನೌಕರನ ಕೈಸೇರುವ ಸಂಬಳವಲ್ಲ. ಈ 6 ಲಕ್ಷವನ್ನು ಬಿಡಿಸಿದರೆ ಕಾಣುವುದು ಹೀಗೆ: ತಿಂಗಳಿಗೆ 30,000ದಂತೆ ನಿಶ್ಚಿತ ಸಂಬಳ 3,60,000, ಸಾಧನೆಯನ್ನು ಅವಲಂಬಿಸಿದ ಮೊತ್ತ 60,000, ಆರೋಗ್ಯ ವಿಮೆಯ ಕಂತು 12,000, ತರಬೇತಿ ವೆಚ್ಚವೆಂದು ತೋರಿಸಿದ್ದು 18,000, ಉಳಿದ 1,50,000 ಷೇರು ಆಯ್ಕೆಗಳ, ಅಂದರೆ ಇಸಾಪ್‌ನ, ಅಂದಾಜು ಮೌಲ್ಯ.

ಅಭ್ಯರ್ಥಿಯು 6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ 50,000 ಎಂದು ಮನೆಯಲ್ಲಿ ಹೇಳಿರುತ್ತಾನೆ. ಸಂಸ್ಥೆಯಲ್ಲಿ ಇಪ್ಪತ್ತು ಜನರಿಲ್ಲದ ಕಾರಣ ಭವಿಷ್ಯನಿಧಿ ಕಡ್ಡಾಯವಲ್ಲ, ಸಂಸ್ಥೆ ಸ್ವಇಚ್ಛೆಯಿಂದ ನೋಂದಾಯಿಸಿಕೊಂಡೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆಯೂ ಬಾರದು. ಆದ್ದರಿಂದ ವೃತ್ತಿ ತೆರಿಗೆಯ 200 ರೂಪಾಯಿ ಕಳೆದು ಆತನ ಖಾತೆಗೆ ಬರುವುದು 29,800. ನಿರೀಕ್ಷೆಗೂ ವಾಸ್ತವಕ್ಕೂ 20,200 ರೂಪಾಯಿಗಳ ಅಂತರ. ಮೊದಲ ಸಂಬಳದ ದಿನವೇ ಆತ ಬೇರೆಡೆ ಅರ್ಜಿ ಹಾಕಲು ಆರಂಭಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಮೂರನೆಯ ತಿಂಗಳಲ್ಲಿ ಆತ ಬಿಟ್ಟುಹೋದರೆ ಕೊಟ್ಟ 90,000 ರೂಪಾಯಿಗಳ ಜೊತೆಗೆ, ಆತನಿಗೆ ಕಲಿಸಲು ಹಿರಿಯ ಡೆವಲಪರ್ ವ್ಯಯಿಸಿದ ಸಮಯವೂ ನಷ್ಟದ ಖಾತೆಗೇ ಸೇರುತ್ತದೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉಪದಾನ, ಅಂದರೆ ಗ್ರಾಚ್ಯುಟಿಯನ್ನೂ ಸಿ.ಟಿ.ಸಿ.ಯಲ್ಲಿ ಸೇರಿಸುತ್ತಾರೆ. ಕಾನೂನಿನ ಪ್ರಕಾರ ಅದು ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷಗಳ ಸೇವೆಯ ನಂತರವೇ ದೊರೆಯುತ್ತದೆ. ಒಂಬತ್ತು ಜನರ ಸಂಸ್ಥೆ ಅದನ್ನು ಸಂಬಳವೆಂದು ತೋರಿಸುವುದು, ಗೋದಾಮಿನಲ್ಲಿಲ್ಲದ ಸರಕನ್ನು ದಾಸ್ತಾನು ಪಟ್ಟಿಯಲ್ಲಿ ಬರೆದಂತೆ.

ಎರಡನೆಯ ದೋಷ ಕೌಶಲಗಳ ಪಟ್ಟಿಯಲ್ಲಿರುತ್ತದೆ. ಇದೇ ಸಂಸ್ಥೆಯ ಪ್ರಕಟಣೆಯು ಆಂಡ್ರಾಯ್ಡ್, ಐಒಎಸ್, ಫ್ಲಟರ್, ರಿಯಾಕ್ಟ್ ನೇಟಿವ್ ಮತ್ತು ಸರ್ವರ್ ಕೆಲಸ, ಹೀಗೆ ಐದನ್ನೂ ಒಬ್ಬ ಹೊಸಬನಿಂದ ಬಯಸುತ್ತದೆ. ಆದರೆ ಅದರ ಗಿರಾಕಿಗಳಾದ ಅಂಗಡಿಕಾರರು ಬಳಸುವುದು ಆಂಡ್ರಾಯ್ಡ್ ಫೋನುಗಳನ್ನು. ಐಫೋನ್ ಆ್ಯಪ್ ಕಟ್ಟಲು ಬೇಕಾದ ಎಕ್ಸ್‌ಕೋಡ್ ತಂತ್ರಾಂಶವು ಆ್ಯಪಲ್‌ನ ಮ್ಯಾಕ್ ಗಣಕದಲ್ಲಿ ಮಾತ್ರ ನಡೆಯುತ್ತದೆ. ಸಂಸ್ಥೆಯಲ್ಲಿ ಒಂದು ಮ್ಯಾಕ್ ಕೂಡ ಇಲ್ಲ. ಇಲ್ಲದ ಯಂತ್ರಕ್ಕೆ ಚಾಲಕನನ್ನು ಹುಡುಕಿದಂತಾಯಿತು. ಇದರ ಪರಿಣಾಮ ಎರಡು ಬಗೆಯದು: ಆಂಡ್ರಾಯ್ಡ್ ಒಂದನ್ನೇ ಚೆನ್ನಾಗಿ ಬಲ್ಲ ಪ್ರಾಮಾಣಿಕ ಯುವಕ ಅಥವಾ ಯುವತಿ ಅರ್ಜಿಯನ್ನೇ ಹಾಕುವುದಿಲ್ಲ, ಐದನ್ನೂ ಬಲ್ಲೆನೆಂದು ಬರೆಯುವ ಧೈರ್ಯಸ್ಥರ ಅರ್ಜಿಗಳು ಮಾತ್ರ ಬರುತ್ತವೆ.

ಅನುಭವದ ವರ್ಷಗಳನ್ನು ಕೇಳುವಾಗಲೂ ತಂತ್ರಜ್ಞಾನದ ವಯಸ್ಸನ್ನು ತಿಳಿದಿರಬೇಕು. ಆಂಡ್ರಾಯ್ಡ್ ಪರದೆಗಳನ್ನು ರೂಪಿಸುವ ಜೆಟ್‌ಪ್ಯಾಕ್ ಕಂಪೋಸ್‌ನ ಮೊದಲ ಸ್ಥಿರ ಆವೃತ್ತಿ ಬಂದದ್ದು 2021ರ ಜುಲೈನಲ್ಲಿ. 2023ರಲ್ಲಿ ಅದರಲ್ಲಿ ಐದು ವರ್ಷಗಳ ಅನುಭವ ಕೇಳಿದ್ದರೆ ಜಗತ್ತಿನಲ್ಲಿ ಯಾರೂ ಅರ್ಹರಾಗುತ್ತಿರಲಿಲ್ಲ. ಹಾಗೆಯೇ ‘ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಪ್ರಕಟಿಸಿರಬೇಕು’ ಎಂಬ ಷರತ್ತು ಮೇಲ್ನೋಟಕ್ಕೆ ಸಾಧುವಾಗಿ ಕಂಡರೂ ಹೊಸಬರಿಗೆ ಭಾರವಾದುದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳು ಆ್ಯಪ್ ಬಿಡುಗಡೆಗೆ ಮುನ್ನ ಕನಿಷ್ಠ 12 ಪರೀಕ್ಷಕರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂದು ಗೂಗಲ್ ವಿಧಿಸಿದೆ (ಮೊದಲು ಈ ಸಂಖ್ಯೆ 20 ಇತ್ತು). ಖಾತೆಗೆ 25 ಡಾಲರ್ ಶುಲ್ಕ ಬೇರೆ. ವಿದ್ಯಾರ್ಥಿಯೊಬ್ಬ ಸ್ವತಃ ಬರೆದ ಆ್ಯಪ್‌ನ ಮೂಲ ಕೋಡ್ ತೋರಿಸಿ, ಸಂದರ್ಶನದಲ್ಲಿ ಅದರಲ್ಲೊಂದು ಸಣ್ಣ ಬದಲಾವಣೆ ಮಾಡಿ ತೋರಿಸಿದರೆ ಸಂಸ್ಥೆಗೆ ಬೇಕಾದ ಸಾಕ್ಷ್ಯ ಅಷ್ಟರಲ್ಲೇ ದೊರೆಯುತ್ತದೆ.

ಆದ್ದರಿಂದ ಪಟ್ಟಿಯನ್ನು ಎರಡಾಗಿ ವಿಂಗಡಿಸುವುದು ಒಳಿತು: ಮೊದಲ ದಿನವೇ ಬೇಕಾದುದು, ಆರು ತಿಂಗಳಲ್ಲಿ ಸಂಸ್ಥೆಯೇ ಕಲಿಸುವುದು. ಎರಡನೆಯ ಪಟ್ಟಿಯನ್ನು ಬರೆಯಲು ಕೂತಾಗಲೇ ಕಲಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಬೆಳವಣಿಗೆಯ ಕುರಿತ ಭರವಸೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ. ಸಂಸ್ಥೆಯಲ್ಲಿರುವುದು ಒಬ್ಬನೇ ಹಿರಿಯ ಡೆವಲಪರ್, ಆತ ಕಿರಿಯನ ಕೋಡ್ ಪರಿಶೀಲನೆಗೆ ವಾರಕ್ಕೆ ನಾಲ್ಕು ಗಂಟೆ ಕೊಡಬಲ್ಲ ಎಂದಾದರೆ ಅದನ್ನೇ ಬರೆಯಬೇಕು. ಒಂಬತ್ತು ಜನರ ಸಂಸ್ಥೆಯಲ್ಲಿ ಒಂದು ವರ್ಷಕ್ಕೆ ‘ತಂಡದ ನಾಯಕ’ ಹುದ್ದೆಯ ಆಸೆ ತೋರಿಸಿದರೆ, ನಾಯಕತ್ವ ವಹಿಸಲು ತಂಡವೇ ಇರುವುದಿಲ್ಲ.

ಈ ಎಲ್ಲವನ್ನೂ ಗಮನದಲ್ಲಿಟ್ಟು ಅದೇ ಸಂಸ್ಥೆಯ ಪ್ರಕಟಣೆಯನ್ನು ಹೀಗೆ ತಿದ್ದಿ ಬರೆಯಬಹುದು:

“ಬೇಕಾಗಿದ್ದಾರೆ: ಕಿರಿಯ ಆಂಡ್ರಾಯ್ಡ್ ಡೆವಲಪರ್, ಒಂದು ಹುದ್ದೆ, ಹುಬ್ಬಳ್ಳಿ ಕಚೇರಿ. ಒಂಬತ್ತು ಜನರ ಸಂಸ್ಥೆ. ಸಗಟು ವ್ಯಾಪಾರದ ಆರ್ಡರ್ ಆ್ಯಪ್ ನಮ್ಮ ಏಕೈಕ ಉತ್ಪನ್ನ. ಮೊದಲ ದಿನ ಬೇಕಾದುದು: ಕಾಟ್ಲಿನ್ ಅಥವಾ ಜಾವಾ ಭಾಷೆ, ಗಿಟ್ ಬಳಕೆ, ಸ್ವತಃ ಮಾಡಿದ ಒಂದು ಸಣ್ಣ ಆ್ಯಪ್; ಅದು ಪ್ಲೇ ಸ್ಟೋರ್‌ನಲ್ಲಿ ಇರಲೇಬೇಕೆಂದಿಲ್ಲ. ಇಲ್ಲಿ ಕಲಿಯುವುದು: ಜೆಟ್‌ಪ್ಯಾಕ್ ಕಂಪೋಸ್, ನೆಟ್‌ವರ್ಕ್ ಇಲ್ಲದಾಗಲೂ ಆರ್ಡರ್ ಉಳಿಸಿ ನಂತರ ಕಳುಹಿಸುವ ವಿಧಾನ, ಬಿಡುಗಡೆಯ ಕೆಲಸ. ಐಫೋನ್ ಕೆಲಸ ಸದ್ಯಕ್ಕಿಲ್ಲ. ಒಬ್ಬ ಹಿರಿಯರು ವಾರಕ್ಕೆ ನಾಲ್ಕು ಗಂಟೆ ನಿಮ್ಮ ಕೋಡ್ ಪರಿಶೀಲಿಸುತ್ತಾರೆ. ಮೊದಲ ವರ್ಷದ ಅರ್ಧಭಾಗ ಹಳೆಯ ದೋಷಗಳ ದುರಸ್ತಿಯೇ ಆಗಿರುತ್ತದೆ. ತಿಂಗಳ ಸಂಬಳ 30,000 ರೂಪಾಯಿ, ವೃತ್ತಿ ತೆರಿಗೆ ಕಡಿತವಾಗುತ್ತದೆ, ಭವಿಷ್ಯನಿಧಿ ಇಲ್ಲ, ಆರೋಗ್ಯ ವಿಮೆ ಉಂಟು. ಆರನೆಯ ತಿಂಗಳು ಕೆಲಸದ ಪರಿಶೀಲನೆ, ತೃಪ್ತಿಕರವಾದರೆ 33,000. ಹುದ್ದೆಯ ಬಡ್ತಿಯ ಭರವಸೆ ಇಲ್ಲ.”

ಸಾಧನೆಯನ್ನು ಅವಲಂಬಿಸಿದ 60,000 ಇಲ್ಲಿ ಕಾಣುವುದಿಲ್ಲ. ಅದನ್ನು ಯಾವ ಸೂತ್ರದಿಂದ, ಯಾವ ತಿಂಗಳಲ್ಲಿ ಕೊಡಲಾಗುವುದೆಂದು ಸಂಸ್ಥೆ ಬರೆದಿಡದಿದ್ದರೆ ಪ್ರಕಟಣೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಷೇರು ಆಯ್ಕೆಯನ್ನು ಸಂದರ್ಶನದಲ್ಲಿ ಪ್ರತ್ಯೇಕವಾಗಿ ವಿವರಿಸುವುದೇ ಸೂಕ್ತ. 2014ರ ಕಂಪನಿ ನಿಯಮಗಳಂತೆ ಆಯ್ಕೆ ನೀಡಿದ ದಿನದಿಂದ ಹಕ್ಕು ಪಕ್ವವಾಗಲು ಕನಿಷ್ಠ ಒಂದು ವರ್ಷ ಬೇಕು. ಖಾಸಗಿ ಕಂಪನಿಯ ಷೇರನ್ನು ಬೇಕೆಂದಾಗ ಮಾರಲು ಪೇಟೆಯೂ ಇಲ್ಲ. ಎಷ್ಟು ಆಯ್ಕೆಗಳು, ಕಂಪನಿಯ ಒಟ್ಟು ಷೇರುಗಳೆಷ್ಟು, ಖರೀದಿ ಬೆಲೆ ಎಷ್ಟು ಎಂಬ ಮೂರು ಸಂಖ್ಯೆಗಳನ್ನು ಹೇಳಬೇಕು. ಒಟ್ಟು ಷೇರುಗಳ ಸಂಖ್ಯೆಯನ್ನು ಮುಚ್ಚಿಟ್ಟು ‘ಸಾವಿರ ಆಯ್ಕೆ’ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ನಂತರ ನೇಮಕಾತಿ ಪತ್ರಕ್ಕೆ ಹೆಚ್ಚಿನ ಮಹತ್ವ ಬಂದಿದೆ. ವೇತನದ ವ್ಯಾಖ್ಯೆಯಲ್ಲಿ ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದರೆ ಆ ಹೆಚ್ಚುವರಿಯನ್ನು ವೇತನವೆಂದೇ ಪರಿಗಣಿಸಲಾಗುತ್ತದೆ. ಹೀಗಾಗಿ ಮೂಲವೇತನವನ್ನು ತೀರ ಕಡಿಮೆ ತೋರಿಸುವ ಹಳೆಯ ರೂಢಿಯಿಂದ ಲಾಭವಿಲ್ಲ. ಪ್ರಕಟಣೆಯ ಅಂಕಿಗಳೂ ನೇಮಕಾತಿ ಪತ್ರದ ಅಂಕಿಗಳೂ ಒಂದೇ ಆಗಿವೆಯೇ ಎಂಬುದನ್ನು ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡನ್ನೂ ಎದುರಿಗಿಟ್ಟು ನೋಡಬೇಕು. ಅಭ್ಯರ್ಥಿಯಂತೂ ಪ್ರಕಟಣೆಯ ಚಿತ್ರವನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡೇ ಬಂದಿರುತ್ತಾನೆ.

ತಿದ್ದಿದ ಪ್ರಕಟಣೆಗೆ ಬರುವ ಅರ್ಜಿಗಳ ಸಂಖ್ಯೆ ಕಡಿಮೆಯಾಗುವುದು ಖಂಡಿತ. ಅದು ಸರಿಯಾದ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಂದರ್ಶನದಲ್ಲಿ ಒಂದು ಸುಲಭ ಗುರುತಿದೆ: ‘ಕೈಗೆ ಎಷ್ಟು ಬರುತ್ತದೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಸಂಬಳದ ಸಾಲನ್ನು ಇನ್ನೊಮ್ಮೆ ಬರೆಯಬೇಕು, ‘ಹಿರಿಯರು ರಜೆಯಲ್ಲಿದ್ದಾಗ ಕೋಡ್ ಪರಿಶೀಲಿಸುವವರು ಯಾರು’ ಎಂದು ಅಭ್ಯರ್ಥಿ ಕೇಳಿದರೆ ಆತ ಪ್ರಕಟಣೆಯನ್ನು ಪೂರ್ತಿ ಓದಿ ಬಂದಿದ್ದಾನೆ.