ಗ್ರೂಪ್ ಫೋಟೊದಲ್ಲಿ ಇಲ್ಲದ ಹುಡುಗ

ನಾಲ್ಕನೇ ತರಗತಿಯ ಗ್ರೂಪ್ ಫೋಟೊ ಮನೆಗೆ ಬಂದಿದೆ ಎಂದುಕೊಳ್ಳಿ. ಮೂರು ಸಾಲು, 38 ಮಕ್ಕಳು, ನಡುವೆ ಕುರ್ಚಿಯಲ್ಲಿ ಕ್ಲಾಸ್ ಟೀಚರ್. ಮಗಳ ಪಕ್ಕದಲ್ಲೇ ನಿಂತಿದ್ದಾನೆ, ವರ್ಷವಿಡೀ ಅವಳ ಜಡೆ ಎಳೆದು ಗೋಳುಹೊಯ್ದುಕೊಂಡ ಹುಡುಗ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಮುಂಚೆ ಅವನನ್ನು ಅಳಿಸಿಬಿಟ್ಟರೆ ತಪ್ಪೇ ಎಂದು ತಾಯಿ ಕೇಳುತ್ತಾಳೆ. ಫೋನಿನ ಮೇಲೆ ಬೆರಳಾಡಿಸಿದರೆ ಅರೆನಿಮಿಷದಲ್ಲಿ ಮುಗಿಯುವ ಕೆಲಸ.

ಅಳಿಸುವುದು ಬೇಡ. ಬೇಕಿದ್ದರೆ ಫೋಟೊ ಕತ್ತರಿಸಬಹುದು, ಇಲ್ಲವೇ ಮುಖ ಮುಚ್ಚಬಹುದು. ನೋಡುವುದಕ್ಕೆ ಮೂರೂ ಒಂದೇ ಕೆಲಸದಂತೆ ಕಂಡರೂ ಅವು ಹೇಳುವ ಮಾತು ಬೇರೆ ಬೇರೆ. ಕತ್ತರಿಸಿದ ಫೋಟೊ ತಾನು ಒಂದು ತುಂಡು ಎಂದು ಒಪ್ಪಿಕೊಳ್ಳುತ್ತದೆ. ಮುಖದ ಮೇಲೆ ಸ್ಟಿಕ್ಕರ್ ಇದ್ದರೆ ಅಲ್ಲೊಂದು ಮಗು ನಿಂತಿತ್ತು ಎಂಬುದಾದರೂ ಉಳಿಯುತ್ತದೆ. ಅಳಿಸಿದ ಫೋಟೊ ಮಾತ್ರ ಆ ತರಗತಿಯಲ್ಲಿದ್ದದ್ದೇ 37 ಮಕ್ಕಳು ಎನ್ನುತ್ತದೆ. ಆ ಸ್ಟೇಟಸ್ ನೋಡುವವರಲ್ಲಿ ಹುಡುಗನ ಅಮ್ಮನೂ ಇರುತ್ತಾಳೆ. ಅವಳ ಮನೆಯಲ್ಲೂ ಅದೇ ಫೋಟೊ ಇದೆ.

ಇದು ಎಷ್ಟು ನೋವು ತರಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಒಂದು ಪ್ರಕರಣವಿದೆ. 2024ರ ಮಾರ್ಚ್‌ನಲ್ಲಿ ಅಬರ್ಡೀನ್‌ಶೈರಿನ ಅಬೋಯ್ನ್ ಎಂಬ ಊರಿನ ಪ್ರಾಥಮಿಕ ಶಾಲೆಯ ಪೋಷಕರಿಗೆ ಫೋಟೊ ಕಂಪನಿಯಿಂದ ಒಂದು ಲಿಂಕ್ ಬಂತು. ತೆರೆದು ನೋಡಿದರೆ ತರಗತಿಯ ಫೋಟೊ ಎರಡು ಬಗೆಯಲ್ಲಿತ್ತು: ವಿಶೇಷ ಅಗತ್ಯವಿರುವ ಮಕ್ಕಳು ಇರುವುದೊಂದು, ಅವರಿಲ್ಲದ್ದೊಂದು. ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು, ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ. ಅಲ್ಲಿ ಯಾರನ್ನೂ ಕಂಪ್ಯೂಟರಿನಲ್ಲಿ ಅಳಿಸಿರಲಿಲ್ಲ. ಕೆಲವು ಮಕ್ಕಳನ್ನು ಬಿಟ್ಟು ಇನ್ನೊಮ್ಮೆ ಕ್ಲಿಕ್ಕಿಸಿದ್ದರು, ಅಷ್ಟೆ. ಆ ಮಕ್ಕಳ ಅಪ್ಪ ಅಮ್ಮಂದಿರು ಸಿಟ್ಟಾದರು, ಕಂಪನಿ ಕ್ಷಮೆ ಕೇಳಿತು.

ಕೆನಡಾದ ನ್ಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ 2013ರಲ್ಲಿ ಇಷ್ಟೂ ಆಗಿರಲಿಲ್ಲ. ಗಾಲಿಕುರ್ಚಿಯ ಏಳು ವರ್ಷದ ಬಾಲಕನನ್ನು ಸಾಲಿನಿಂದ ದೂರ ಕೂರಿಸಿದ್ದರು. ಅವನೋ ನಗುತ್ತಾ ಗೆಳೆಯರ ಕಡೆ ವಾಲಿಕೊಂಡಿದ್ದ. ಹೆತ್ತವರು ಆಕ್ಷೇಪಿಸಿದ ಮೇಲೆ ಫೋಟೊವನ್ನು ಹೊಸದಾಗಿ ತೆಗೆಯಬೇಕಾಯಿತು.

ಹಾಗೆಂದು ಮರೆಮಾಡುವುದೆಲ್ಲ ಕೆಟ್ಟದ್ದೆನ್ನಲಾಗದು. ಕೆಲವು ಪೋಷಕರೇ 'ನಮ್ಮ ಮಗುವಿನ ಮುಖ ಹಾಕಬೇಡಿ' ಎನ್ನುತ್ತಾರೆ. ಮನೆಯಲ್ಲಿ ವಿಚ್ಛೇದನದ ಜಗಳವಿರಬಹುದು, ಮಗು ಎಲ್ಲಿ ಓದುತ್ತಿದೆ ಎಂದು ಯಾರಿಗೋ ಗೊತ್ತಾಗಬಾರದೆಂದಿರಬಹುದು. ಕಾರಣ ಕೇಳುವ ಹಕ್ಕು ನಮಗಿಲ್ಲ. ಮುಚ್ಚಿ ಹಾಕಬೇಕು, ಅಥವಾ ಹಾಕಲೇಬಾರದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಮನೆಮಂದಿಯ ಸ್ವಂತ ಬಳಕೆಯನ್ನು ಅದು ಹೊರಗಿಟ್ಟಿದೆ ನಿಜ, ಆದರೆ ಕಾಯ್ದೆ ಬಿಟ್ಟುಕೊಟ್ಟಿತೆಂದು ನೆರೆಮನೆಯವರ ಕೋರಿಕೆಯನ್ನು ತಳ್ಳಿಹಾಕುವುದು ಯಾವ ನ್ಯಾಯ?

ಮುಚ್ಚುವುದರಲ್ಲೂ ಎಡವುವವರು ಬಹಳ. ಮುಖವನ್ನು ತೆಳುವಾಗಿ ಮಸುಕು ಮಾಡಿದರೆ ಪರಿಚಯದವರು ಕೂದಲು, ಎತ್ತರ, ನಿಂತ ಜಾಗ ನೋಡಿಯೇ ಗುರುತಿಸುತ್ತಾರೆ. ಆಚೆಯದೇನೂ ಕಾಣದ ದಟ್ಟ ಬಣ್ಣದ ಸ್ಟಿಕ್ಕರ್ ಒಳ್ಳೆಯದು, ಅದು ಕೂದಲನ್ನೂ ಮುಚ್ಚುವಷ್ಟು ದೊಡ್ಡದಿರಬೇಕು. ಇನ್ನೊಂದನ್ನು ಮರೆಯುವವರೇ ಹೆಚ್ಚು: ಫೋಟೊದ ಕೆಳಗೆ 'ನಿಂತವರು, ಎಡದಿಂದ ಬಲಕ್ಕೆ' ಎಂದು ಅಚ್ಚಾಗಿರುವ ಹೆಸರುಗಳ ಪಟ್ಟಿ. ಮುಖ ಮುಚ್ಚಿ ಹೆಸರು ಬಿಟ್ಟರೆ ಏನು ಮುಚ್ಚಿದಂತಾಯಿತು? ಶಾಲೆಯ ಹೆಸರು ಬರೆದ ಹಲಗೆಗೂ ಇದೇ ಮಾತು. ಕತ್ತರಿಸಿದ್ದೂ ಒಮ್ಮೊಮ್ಮೆ ಕೈಕೊಡುತ್ತದೆ. ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳಿಂದ ತೆಗೆದುಹಾಕಿದ ಭಾಗವನ್ನು ಒಂದಿಷ್ಟು ಮರಳಿ ಪಡೆಯಬಹುದೆಂಬ ದೋಷ 2023ರಲ್ಲಿ ಬಯಲಾಗಿತ್ತು. ಗೂಗಲ್ ಅದನ್ನು ಸರಿಪಡಿಸಿತಾದರೂ ಅದಕ್ಕೂ ಮುಂಚೆ ಹಂಚಿದ ಚಿತ್ರಗಳು ಹಾಗೆಯೇ ಉಳಿದವು.

ಅಳಿಸುವ ಉಪಕರಣದ ಕೆಲಸವಂತೂ ಬಹುಪಾಲು ಊಹೆ. ಹುಡುಗನ ಬೆನ್ನಹಿಂದೆ ಏನಿತ್ತೆಂದು ಕ್ಯಾಮೆರಾ ಕಂಡೇ ಇಲ್ಲ. ಅಕ್ಕಪಕ್ಕದ ಗೋಡೆ, ಸಮವಸ್ತ್ರದ ಬಣ್ಣ ನೋಡಿ ಅದು ಜಾಗ ತುಂಬುತ್ತದೆ. ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಇದು ಸುಲಭವಾಗಿ ಕೆಡುತ್ತದೆ. ಯಾರದೋ ಹೆಗಲ ಮೇಲೆ ಒಡೆಯನಿಲ್ಲದ ನಾಲ್ಕು ಬೆರಳು, ನೆಲದಲ್ಲಿ ದೇಹವಿಲ್ಲದ ಒಂದು ಬೂಟು ಉಳಿದುಬಿಡುತ್ತವೆ. ತರಗತಿಯ ಮಕ್ಕಳ ಕಣ್ಣಿಗೆ ಇವು ತಪ್ಪುವುದಿಲ್ಲ, ಮರುದಿನವೇ ಗೇಲಿ ಶುರು. ಆ ಗೇಲಿ ಹುಡುಗನದೇ ಆಗಿರುತ್ತದೆ ಎಂದೇನಿಲ್ಲ, ಮಗಳದೂ ಆಗಬಹುದು.

ಹಾಗಾದರೆ ಈ ತಾಯಿ ಏನು ಮಾಡಬೇಕು? ಮಗಳು ಮತ್ತು ಅವಳ ಇನ್ನೊಂದು ಮಗ್ಗುಲಿನ ಇಬ್ಬರು ಗೆಳತಿಯರಷ್ಟೇ ಬರುವಂತೆ ಕತ್ತರಿಸಿ, ಆ ಗೆಳತಿಯರ ಮನೆಯವರಿಗೊಂದು ಮಾತು ಹೇಳಿ ಸ್ಟೇಟಸ್‌ಗೆ ಹಾಕಬಹುದು. 'ನಾವು ಮೂವರು' ಎಂದು ಬರೆದರೆ ಅದರಲ್ಲಿ ಸುಳ್ಳಿಲ್ಲ. ಮಗಳೇ 'ಅವನು ಬೇಡ' ಎಂದು ಹಟ ಹಿಡಿದಿದ್ದರೆ ಫೋಟೊವನ್ನು ಪಕ್ಕಕ್ಕಿಟ್ಟು, ವರ್ಷವಿಡೀ ಏನು ನಡೆಯಿತೆಂದು ಮೊದಲು ಕೇಳಬೇಕು. ಕೇಳಿದ್ದನ್ನು ಕ್ಲಾಸ್ ಟೀಚರಿಗೆ ತಿಳಿಸಬೇಕು. ಮುಂದಿನ ವರ್ಷವೂ ಇಬ್ಬರೂ ಅದೇ ಸೆಕ್ಷನ್ನಿನಲ್ಲಿ ಕೂರುವವರಿರಬಹುದು. 38 ಮಕ್ಕಳ ಪೂರ್ತಿ ಪ್ರತಿ, ಹೆಸರಿನ ಪಟ್ಟಿಯ ಸಮೇತ, ಮನೆಯ ಆಲ್ಬಮ್ಮಿನಲ್ಲಿರಲಿ.