ನಲ್ಲಿ ನಿಲ್ಲಿಸಿದ ಕೂಡಲೇ ಗೋಡೆಯೊಳಗೆ 'ಢಣ್'!

ಮಧ್ಯಾಹ್ನದ ಹೊತ್ತು. ಬಟ್ಟೆ ಹಾಕಿ ವಾಷಿಂಗ್ ಮೆಷಿನ್ ಆನ್ ಮಾಡಿದ್ದೀರಿ. ಸುರ್ರನೆ ನೀರು ತುಂಬುತ್ತಾ ಇರುತ್ತೆ. ತುಂಬಿ ನಿಂತ ಆ ಕ್ಷಣಕ್ಕೆ ಸರಿಯಾಗಿ ಬಚ್ಚಲುಮನೆಯ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ 'ಢಣ್' ಅಂತ ಸದ್ದು! ಮಲಗಿದ್ದ ಮಗು ಬೆಚ್ಚಿ ಏಳುತ್ತೆ. ಅಡುಗೆಮನೆಯ ಸಿಂಕಿನಲ್ಲಿ ಒಂದೇ ಹಿಡಿಕೆಯ ಹೊಸ ನಲ್ಲಿ ಹಾಕಿಸಿದವರ ಮನೆಯಲ್ಲೂ ಇದೇ ಪಾಡು. ಹಿಡಿಕೆಯನ್ನು ಪಟ್ಟನೆ ಒತ್ತಿದರೆ ಸಾಕು, ಪೈಪು ಗುಡುಗುತ್ತೆ.

ಮೆಷಿನ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಇದನ್ನು ಓದಿ. ಸಾಮಾನ್ಯವಾಗಿ ಇದರಲ್ಲಿ ಮೆಷಿನ್ನಿನ ತಪ್ಪೇನೂ ಇರುವುದಿಲ್ಲ. ಹೊಡೆಯುತ್ತಿರುವುದು ಪೈಪಿನೊಳಗಿನ ನೀರು. ಇದಕ್ಕೆ ಪ್ಲಂಬಿಂಗ್ ಭಾಷೆಯಲ್ಲಿ ವಾಟರ್ ಹ್ಯಾಮರ್ ಅಂತಾರೆ, ಅಂದರೆ ನೀರಿನ ಸುತ್ತಿಗೆ.

ನೀರಿಗೂ ಅಷ್ಟು ಬಲವೇ?

ಹಳೆಯ ಮನೆಗಳಲ್ಲಿರುವ ಅರ್ಧ ಇಂಚಿನ ಜಿ.ಐ. ಪೈಪನ್ನೇ ತಗೊಳ್ಳಿ. ನಲ್ಲಿಯಿಂದ ಹಿಂದಕ್ಕೆ 15 ಮೀಟರ್ ಪೈಪು ಇದ್ದರೆ ಅದರೊಳಗೆ ಸುಮಾರು ಮೂರು ಲೀಟರ್ ನೀರು ಇರುತ್ತೆ. ಅಂದರೆ ಮೂರು ಕೆ.ಜಿ. ಭಾರ. ನಲ್ಲಿ ತೆರೆದಾಗ ಇಷ್ಟೂ ನೀರು ಒಂದು ಉದ್ದನೆಯ ಸಾಲಾಗಿ ಒಟ್ಟಿಗೇ ಮುಂದಕ್ಕೆ ಓಡುತ್ತಾ ಇರುತ್ತೆ. ನಲ್ಲಿ ಪಟ್ಟನೆ ಮುಚ್ಚಿಕೊಂಡರೆ ಅದು ಎಲ್ಲಿಗೆ ಹೋಗಬೇಕು?

ಸ್ಟೇಷನ್ನಿನಲ್ಲಿ ಎಂಜಿನ್ ಗಕ್ಕನೆ ನಿಂತಾಗ ಹಿಂದಿನ ಬೋಗಿಗಳು ಒಂದಾದ ಮೇಲೆ ಒಂದು ಬಂದು ಡಿಕ್ಕಿ ಹೊಡೆಯುವುದನ್ನು ನೋಡಿದ್ದೀರಲ್ಲ? ಇಲ್ಲಿ ಆಗುವುದೂ ಅದೇ. ಮೊದಲು ನಲ್ಲಿಯ ಬಾಯಿಯ ಹತ್ತಿರದ ನೀರು ನಿಲ್ಲುತ್ತೆ, ಅದಕ್ಕೆ ಹಿಂದಿನದು ಗುದ್ದುತ್ತೆ, ಅದಕ್ಕೆ ಅದರ ಹಿಂದಿನದು. ನೀರನ್ನು ಸ್ಪಂಜಿನ ಹಾಗೆ ಹಿಂಡಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ಆ ಗುದ್ದೆಲ್ಲ ಒತ್ತಡವಾಗಿ ಬದಲಾಗುತ್ತೆ. ಜಿ.ಐ. ಪೈಪಿನಲ್ಲಿ ಈ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1300 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡಿ, ದಪ್ಪ ಪೈಪು ಅಥವಾ ಟ್ಯಾಂಕು ಸಿಕ್ಕಿದ ಕಡೆ ತಿರುಗಿ ಬರುತ್ತೆ. 15 ಮೀಟರ್ ಹೋಗಿ ಬರಲು ಅದಕ್ಕೆ ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ನೀವು ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಹೋಗಿ ಬಂದಿರುತ್ತೆ. ಆ ನಡುಕಕ್ಕೆ ಪೈಪು ಗೋಡೆಗೋ ಕ್ಲ್ಯಾಂಪಿಗೋ ಬಡಿದಾಗ ನಿಮಗೆ ಕೇಳಿಸುವುದೇ ಆ 'ಢಣ್'.

ತಿರುಪಿನ ಹಳೆಯ ನಲ್ಲಿಗಳಲ್ಲಿ ಈ ಗಲಾಟೆ ಇರಲಿಲ್ಲ, ಯಾಕೆ ಅಂತೀರಾ? ಅದನ್ನು ಮೂರು ನಾಲ್ಕು ಸುತ್ತು ತಿರುಗಿಸಿ ಮುಚ್ಚಬೇಕು. ಅಷ್ಟರಲ್ಲಿ ನೀರು ತಾನಾಗಿ ವೇಗ ಕಡಿಮೆ ಮಾಡಿಕೊಳ್ಳುತ್ತಿತ್ತು. ಈಗಿನ ಹಿಡಿಕೆ ನಲ್ಲಿ ಕಾಲು ಸುತ್ತಿಗೇ ಮುಚ್ಚುತ್ತೆ. ವಾಷಿಂಗ್ ಮೆಷಿನ್ನಿನೊಳಗೆ ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ವಾಲ್ವ್ ಅಂತೂ ಕ್ಷಣಾರ್ಧದಲ್ಲಿ ಮುಚ್ಚಿಬಿಡುತ್ತೆ. ಅದಕ್ಕೇ ಸದ್ದು ಹೆಚ್ಚಾಗಿ ಮೆಷಿನ್ ಇರುವ ಕಡೆ.

ಕುಕ್ಕರ್ ಲೆಕ್ಕದಲ್ಲಿ ಹೇಳುವುದಾದರೆ...

ಪೈಪಿನಲ್ಲಿ ಎಷ್ಟು ಒತ್ತಡ ಏರುತ್ತೆ ಅನ್ನುವುದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ ಪ್ರಮುಖರು. ಮಾಸ್ಕೋ ನಗರದ ನೀರಿನ ಪೈಪುಗಳು ಒಡೆಯುತ್ತಿದ್ದಾಗ 1897-98ರಲ್ಲಿ ಅವರು ಪ್ರಯೋಗ ನಡೆಸಿ ಕಾರಣ ಹುಡುಕಿದರು. ಅವರ ಸೂತ್ರದ ಸಾರಾಂಶ ಸರಳ: ನೀರು ಎಷ್ಟು ವೇಗದಲ್ಲಿ ಓಡುತ್ತಿತ್ತೋ, ಪಟ್ಟನೆ ನಿಲ್ಲಿಸಿದಾಗ ಏರುವ ಒತ್ತಡವೂ ಅಷ್ಟರ ಮಟ್ಟಿಗೆ. ವೇಗ ಎರಡರಷ್ಟಾದರೆ ಹೊಡೆತವೂ ಎರಡರಷ್ಟು.

ಇದನ್ನು ಒಂದು ಮನೆಯ ಉದಾಹರಣೆಯಿಂದ ನೋಡೋಣ. ತಾರಸಿಯ ಟ್ಯಾಂಕಿನ ನೀರು ಮೆಷಿನ್ನಿನ ನಲ್ಲಿಗಿಂತ ಐದು ಮೀಟರ್ ಮೇಲಿದೆ ಅಂದುಕೊಳ್ಳಿ. ಆಗ ನಲ್ಲಿಯ ಹತ್ತಿರ ಒಂದು ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ. ಒತ್ತಡ. ಪ್ರೆಷರ್ ಕುಕ್ಕರ್ ವಿಸಿಲ್ ಕೂಗುವಾಗ ಒಳಗಿರುವುದು ಸುಮಾರು ಒಂದು ಕೆ.ಜಿ.; ಇದು ಅದರ ಅರ್ಧ. ಮೆಷಿನ್ ನಿಮಿಷಕ್ಕೆ ಐದು ಲೀಟರ್ ನೀರು ತುಂಬಿಸಿಕೊಳ್ಳುತ್ತಿದ್ದರೆ, ವಾಲ್ವ್ ಮುಚ್ಚಿದ ಗಳಿಗೆ ಹೆಚ್ಚೆಂದರೆ ಐದು ಕೆ.ಜಿ.ಯಷ್ಟು ಒತ್ತಡ ಏರುತ್ತೆ. ಸಣ್ಣದಾಗಿ 'ಟಕ್' ಅನ್ನಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಷವರ್‌ನಲ್ಲಿ ನೀರು ಜೋರಾಗಿ ಬರಲಿ ಅಂತ ಈ ಮನೆಯವರು ಪ್ರೆಷರ್ ಪಂಪ್ ಹಾಕಿಸಿದರು. ಒತ್ತಡ ಎರಡು ಕೆ.ಜಿ. ಆಯಿತು. ಅದೇ ಮೆಷಿನ್‌ಗೆ ಈಗ ನಿಮಿಷಕ್ಕೆ ಹತ್ತು ಲೀಟರ್ ನೀರು ನುಗ್ಗುತ್ತೆ. ವಾಲ್ವ್ ಮುಚ್ಚಿದಾಗ ಏರುವ ಒತ್ತಡ ಹತ್ತು ಹನ್ನೊಂದು ಕೆ.ಜಿ. ಮುಟ್ಟಬಹುದು. ಅದರ ಜೊತೆಗೆ ಪಂಪಿನ ಎರಡು ಕೆ.ಜಿ. ಸೇರಿಸಿ. ಕುಕ್ಕರಿನ ಹನ್ನೆರಡು ಹದಿಮೂರು ಪಟ್ಟು! ಹಲವು ಮೆಷಿನ್‌ಗಳ ಪುಸ್ತಿಕೆಯಲ್ಲಿ ನೀರಿನ ಒತ್ತಡ 8ರಿಂದ 10 ಬಾರ್ ಮೀರಬಾರದು ಅಂತ ಬರೆದಿರುತ್ತೆ. ಒಂದು ಬಾರ್ ಅಂದರೂ ಹೆಚ್ಚುಕಡಿಮೆ ನಮ್ಮ ಒಂದು ಕೆ.ಜಿ.ಯೇ. 'ಪಂಪ್ ಹಾಕಿಸಿದ ಮೇಲೇ ಈ ಸದ್ದು ಶುರುವಾಯ್ತು' ಅಂತ ಎಷ್ಟೋ ಗೃಹಿಣಿಯರು ಹೇಳುವುದು ಸುಮ್ಮನೆ ಅಲ್ಲ.

ಈಗಿನ ಸಿ.ಪಿ.ವಿ.ಸಿ. ಪೈಪಿನಲ್ಲಿ ಹೊಡೆತ ಕಡಿಮೆ. ಪ್ಲಾಸ್ಟಿಕ್ ಸ್ವಲ್ಪ ಹಿಗ್ಗುವುದರಿಂದ ಏರುವ ಒತ್ತಡ ಜಿ.ಐ. ಪೈಪಿನಲ್ಲಿ ಏರುವುದರ ಅರ್ಧಕ್ಕಿಂತಲೂ ಕಡಿಮೆ ಇರುತ್ತೆ. ಆದರೆ ಅಲ್ಲಿ ಅಂಟು ಹಾಕಿ ಕೂಡಿಸಿದ ಜಾಯಿಂಟ್‌ಗಳಿರುತ್ತವೆ. ದಿನಕ್ಕೆ ಹತ್ತಾರು ಸಲ ಏಟು ತಿಂದ ಜಾಯಿಂಟ್ ಮೆಲ್ಲಗೆ ಜಿನುಗಲು ಶುರುವಾದರೆ, ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಒದ್ದೆ ಕಲೆ ಕಾಣಿಸಿದಾಗಲೇ ನಿಮಗೆ ಗೊತ್ತಾಗುವುದು. ಮೆಷಿನ್ನಿನ ಹಿಂದಿನ ಹೋಸ್ ಪೈಪು ಒಡೆದರಂತೂ ಮನೆ ತುಂಬಾ ನೀರು.

ಮೊದಲು ಖರ್ಚಿಲ್ಲದ ಉಪಾಯ

ಸದ್ದು ನಿಜಕ್ಕೂ ವಾಟರ್ ಹ್ಯಾಮರೇ ಅಂತ ಖಚಿತ ಮಾಡಿಕೊಳ್ಳಿ. ಸದ್ದು ಬರುವ ನಲ್ಲಿಯನ್ನು ಪಟ್ಟನೆ ಮುಚ್ಚಿ ನೋಡಿ. ಮತ್ತೆ ತೆರೆದು ಈ ಸಲ ನಿಧಾನವಾಗಿ, ಎರಡು ಮೂರು ಎಣಿಸುತ್ತಾ ಮುಚ್ಚಿ. ಸದ್ದು ಮಾಯವಾದರೆ ಅನುಮಾನವೇ ಬೇಡ. ನಲ್ಲಿ ಬಿಟ್ಟಿರುವಾಗಲೇ ಗಡಗಡ ಅಂದರೆ ಅದು ನಲ್ಲಿಯೊಳಗಿನ ವಾಷರ್ ಸಡಿಲವಾದದ್ದು. ಗೀಸರ್ ಬಿಸಿಯಾಗುವಾಗ ಟಿಕ್ ಟಿಕ್ ಅಂದರೆ ಬಿಸಿಗೆ ಪೈಪು ಹಿಗ್ಗುತ್ತಿರುವುದು. ಸಂಪಿನ ಮೋಟಾರು ಆಫ್ ಆದ ಕೂಡಲೇ ಢಂ ಅಂದರೆ, ಮೇಲಕ್ಕೆ ಹೋಗುತ್ತಿದ್ದ ನೀರು ಹಿಂದಕ್ಕೆ ಬಂದು ನಾನ್ ರಿಟರ್ನ್ ವಾಲ್ವ್ ಬಡಿದು ಮುಚ್ಚಿಕೊಳ್ಳುವ ಸದ್ದು. ಈ ಮೂರಕ್ಕೂ ಮುಂದೆ ಹೇಳುವ ಮದ್ದು ನಾಟುವುದಿಲ್ಲ.

ಮೆಷಿನ್ನಿನದೇ ಸದ್ದು ಅಂತ ಗೊತ್ತಾದರೆ, ಅದಕ್ಕೆ ನೀರು ಕೊಡುವ ನಲ್ಲಿಯನ್ನು ಅರ್ಧ ಮುಚ್ಚಿ. ತಮಾಷೆ ಅಲ್ಲ! ನೀರು ಬರುವ ವೇಗ ಅರ್ಧವಾದರೆ ಹೊಡೆತವೂ ಅರ್ಧವಾಗುತ್ತೆ ಅಂತ ಆಗಲೇ ಹೇಳಿದೆವಲ್ಲ. ಮೆಷಿನ್ ತುಂಬಲು ಒಂದೆರಡು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೇ. ತೀರಾ ಸಣ್ಣಗೆ ಬಿಟ್ಟರೆ ಮಾತ್ರ 'ನೀರಿಲ್ಲ' ಅಂತ ಮೆಷಿನ್ ಗೋಳಾಡಿ ನಿಂತುಬಿಡುತ್ತೆ. ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಸದ್ದು ಅಡಗುವ ಜಾಗ ಕಂಡುಕೊಳ್ಳಿ. ಗೋಡೆಯ ಹೊರಗೆ ಕಾಣುವ ಪೈಪು ಕೈಯಲ್ಲಿ ಅಲ್ಲಾಡಿದರೆ ಕ್ಲ್ಯಾಂಪ್ ಬಿಗಿ ಮಾಡಿಸಿ. ಪ್ರೆಷರ್ ಪಂಪಿನ ಒತ್ತಡ ಇಳಿಸಲು ಸಾಧ್ಯವೇ ಅಂತ ಪ್ಲಂಬರ್ ಹತ್ತಿರ ಕೇಳಿ.

ಅರೆಸ್ಟರ್ ಅಂದರೇನು?

ಇಷ್ಟಕ್ಕೂ ಜಗ್ಗದಿದ್ದರೆ ವಾಟರ್ ಹ್ಯಾಮರ್ ಅರೆಸ್ಟರ್ ಹಾಕಿಸಬೇಕು. ನೋಡಲು ಗೇಣುದ್ದವೂ ಇಲ್ಲದ ತಾಮ್ರದ ಅಥವಾ ಸ್ಟೀಲಿನ ಪುಟ್ಟ ಕೊಳವೆ. ಅದರ ಮುಚ್ಚಿದ ತುದಿಯಲ್ಲಿ ಒತ್ತಿ ತುಂಬಿದ ಗಾಳಿ, ಈಚೆ ನೀರು, ನಡುವೆ ರಬ್ಬರ್ ರಿಂಗ್ ಇರುವ ಒಂದು ಪಿಸ್ಟನ್. ವಾಲ್ವ್ ಮುಚ್ಚಿದ ಕ್ಷಣ ನುಗ್ಗಿ ಬಂದ ನೀರು ಈ ಕೊಳವೆಯೊಳಗೆ ನುಸುಳಿ ಪಿಸ್ಟನ್ನನ್ನು ತಳ್ಳುತ್ತೆ. ನೀರಿನ ಹಾಗಲ್ಲದೆ ಗಾಳಿ ಕುಗ್ಗುತ್ತೆ. ಜೋರಾಗಿ ಬಂದ ಚೆಂಡನ್ನು ಕ್ರಿಕೆಟಿಗರು ಕೈ ಹಿಂದಕ್ಕೆ ಎಳೆದುಕೊಂಡು ಹಿಡಿಯುತ್ತಾರಲ್ಲ, ಥೇಟ್ ಹಾಗೆ. ಗಕ್ಕನೆ ನಿಲ್ಲಬೇಕಿದ್ದ ನೀರು ಮೆತ್ತಗೆ ನಿಲ್ಲುತ್ತೆ, ಒತ್ತಡ ಅಷ್ಟಾಗಿ ಮೇಲೇರುವುದಿಲ್ಲ.

ಕೆಲವು ಪ್ಲಂಬರ್‌ಗಳು ಇದಕ್ಕೆ ಬದಲು ನಲ್ಲಿಯ ಹತ್ತಿರ ಒಂದಡಿ ಪೈಪನ್ನು ಮೇಲಕ್ಕೆ ನಿಲ್ಲಿಸಿ ಕ್ಯಾಪ್ ಹಾಕಿಬಿಡುತ್ತಾರೆ. ಅದರಲ್ಲಿರುವ ಗಾಳಿಯೇ ದಿಂಬಿನ ಹಾಗೆ ಕೆಲಸ ಮಾಡುತ್ತೆ. ಶುರುವಿನಲ್ಲಿ ಚೆನ್ನಾಗಿಯೇ ಇರುತ್ತೆ. ಆದರೆ ಅಲ್ಲಿ ಗಾಳಿಗೂ ನೀರಿಗೂ ನಡುವೆ ಪಿಸ್ಟನ್ ಇಲ್ಲ. ದಿನ ಕಳೆದಂತೆ ಗಾಳಿ ನೀರಿನಲ್ಲಿ ಕರಗಿ, ಪೈಪಿನ ತುಂಬಾ ನೀರೇ ನಿಂತು ಸದ್ದು ವಾಪಸ್ ಬರುತ್ತೆ. ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಮೇನ್ ವಾಲ್ವ್ ಮುಚ್ಚಿ, ಮೇಲಿನ ಮತ್ತು ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪು ಪೂರ್ತಿ ಖಾಲಿ ಮಾಡಿ. ಮತ್ತೆ ಗಾಳಿ ತುಂಬಿಕೊಳ್ಳುತ್ತೆ.

ಎಲ್ಲಿ ಕೂರಿಸಬೇಕು?

ಅರೆಸ್ಟರ್ ಹಾಕಿಸಿಯೂ ಸದ್ದು ಹೋಗಲಿಲ್ಲ ಅಂದರೆ ಅದು ಕೂತ ಜಾಗ ತಪ್ಪಿರಬಹುದು. ತಾರಸಿಯ ಮೇನ್ ಪೈಪಿಗೆ ಹಾಕಿದರೆ ಉಪಯೋಗವಿಲ್ಲ. ಹೊಡೆತ ಹುಟ್ಟುವ ವಾಲ್ವ್‌ನಿಂದ ಐದಾರು ಅಡಿಯೊಳಗೆ ಇರಬೇಕು, ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ವಾಷಿಂಗ್ ಮೆಷಿನ್‌ಗೆ ಮುಕ್ಕಾಲು ಇಂಚಿನ ಥ್ರೆಡ್ ಇರುವ ಅರೆಸ್ಟರ್ ಸಿಗುತ್ತೆ. ನಲ್ಲಿ ಮುಚ್ಚಿ, ಹೋಸ್ ಬಿಚ್ಚಿ, ನಡುವೆ ಇದನ್ನು ತಿರುಗಿಸಿ ಹಾಕಿದರಾಯಿತು. ಗೋಡೆ ಒಡೆಯುವ ಕೆಲಸವಿಲ್ಲ. ಒಳಗಿನ ರಬ್ಬರ್ ವಾಷರ್ ಸರಿಯಾಗಿ ಕೂತಿದೆಯಾ ನೋಡಿ, ನೀರು ಬಿಟ್ಟು ಜಿನುಗುತ್ತಿಲ್ಲ ಅಂತ ಒಣ ಬಟ್ಟೆಯಿಂದ ಒರೆಸಿ ಖಾತ್ರಿ ಮಾಡಿಕೊಳ್ಳಿ. ಬಿಸಿನೀರು, ತಣ್ಣೀರು ಎರಡಕ್ಕೂ ಹೋಸ್ ಇರುವ ಮೆಷಿನ್ ಆದರೆ ಎರಡು ಅರೆಸ್ಟರ್ ಬೇಕು.

ಅಂಗಡಿಯಲ್ಲಿ ಕೊಳ್ಳುವಾಗ ಅದರ ಮೇಲೆ ಬರೆದಿರುವ ಗರಿಷ್ಠ ಒತ್ತಡ ನಿಮ್ಮ ಪಂಪಿನ ಒತ್ತಡಕ್ಕಿಂತ ಸಾಕಷ್ಟು ಹೆಚ್ಚಿದೆಯೇ ನೋಡಿ. ವರ್ಷಗಳು ಕಳೆದ ಮೇಲೆ ಸದ್ದು ಮತ್ತೆ ಶುರುವಾದರೆ ಒಳಗಿನ ರಬ್ಬರ್ ರಿಂಗ್ ಸವೆದು ಗಾಳಿ ಸೋರಿಹೋಗಿರುತ್ತೆ. ಮನೆಬಳಕೆಯ ಪುಟ್ಟ ಅರೆಸ್ಟರ್‌ಗಳನ್ನು ಸಾಮಾನ್ಯವಾಗಿ ರಿಪೇರಿ ಮಾಡಲಾಗುವುದಿಲ್ಲ, ಬದಲಾಯಿಸಬೇಕು. ಆದ್ದರಿಂದ ಗೋಡೆಯೊಳಗೆ ಸಿಮೆಂಟ್ ಹಾಕಿ ಮುಚ್ಚಲು ಬಿಡಬೇಡಿ, ಕೈಗೆ ಸಿಗುವ ಹಾಗಿರಲಿ.

ಅಡುಗೆಮನೆಯ ಹಿಡಿಕೆ ನಲ್ಲಿಗೆ ಮಾತ್ರ ಅರೆಸ್ಟರ್‌ಗಿಂತ ಅಗ್ಗದ ಮದ್ದು ನಿಮ್ಮ ಕೈಯಲ್ಲೇ ಇದೆ: ಮೆಲ್ಲಗೆ ಮುಚ್ಚಿ, ಮಕ್ಕಳಿಗೂ ಹೇಳಿಕೊಡಿ. ಮೆಷಿನ್‌ಗೆ ಹಾಗೆ ಹೇಳಿಕೊಡಲು ಆಗುವುದಿಲ್ಲ, ಅದಕ್ಕೇ ಅರೆಸ್ಟರ್!